ಮಗುವಿನ ಕಸ್ಟಡಿ ಆದೇಶವನ್ನು ತಾಯಿಗೆ ಒಂದು ಪುಟದಲ್ಲಿ ಬರೆದುಕೊಡಬೇಕು: ಈ ಕರಡು ಸರಿ ಇದೆಯಾ?

ರಾಯಚೂರು_ಪಿಎಲ್‌ವಿ
ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್. ಇಲ್ಲಿನ ಕೌಟುಂಬಿಕ ನ್ಯಾಯಾಲಯದಿಂದ ಒಂದು ಜಿ.ಡಬ್ಲ್ಯೂ.ಸಿ. ಅರ್ಜಿಯಲ್ಲಿ ಅಂತಿಮ ಆದೇಶ ಬಂದಿದೆ. ಇಂಗ್ಲಿಷಿನಲ್ಲಿ 22 ಪುಟ. ಹುಡುಗನಿಗೆ ಏಳು ವರ್ಷ, ಎರಡನೇ ಕ್ಲಾಸು. ತಾಯಿ ರಾಯಚೂರಿನಲ್ಲಿ, ತಂದೆ ಬಳ್ಳಾರಿಯಲ್ಲಿ. ತಾಯಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಗೋಡೆಗೆ ಅಂಟಿಸಿಕೊಳ್ಳುವಂತೆ ಒಂದು ಪುಟ ಬರೆದುಕೊಡಿ ಅಂದಿದ್ದಾರೆ. ಹೆಸರು, ನಂಬರು ಎಲ್ಲ ತೆಗೆದು ನನ್ನ ಕರಡು ಹಾಕುತ್ತಿದ್ದೇನೆ:

ಎ) ಮಗು ತಾಯಿಯ ಬಳಿ ಇರುತ್ತದೆ.
ಬಿ) ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ–ಭಾನುವಾರ ತಂದೆ ಮಗುವನ್ನು ಬಳ್ಳಾರಿಯ ತಮ್ಮ ಮನೆಗೆ ಕರೆದುಕೊಂಡು ಹೋಗಬಹುದು. ಶನಿವಾರ ಬೆಳಿಗ್ಗೆ 10ಕ್ಕೆ ತಾಯಿಯ ಮನೆಯಿಂದ, ಭಾನುವಾರ ಸಂಜೆ 5ಕ್ಕೆ ಅಲ್ಲಿಗೇ ವಾಪಸ್.
ಸಿ) ದಸರಾ ಮತ್ತು ಬೇಸಿಗೆ ರಜೆಯಲ್ಲಿ ಅರ್ಧ ಅರ್ಧ.
ಡಿ) ಬುಧವಾರ ಸಂಜೆ 7ರಿಂದ 7.30 ವಿಡಿಯೊ ಕಾಲ್.
ಇ) ಕೋರ್ಟಿಗೆ ರಜೆ ಇಲ್ಲದಾಗ ಮಗುವನ್ನು ಊರು ಬಿಟ್ಟು ಕರೆದುಕೊಂಡು ಹೋಗಬಾರದು.
ಎಫ್) ವಿಳಾಸ, ಫೋನು, ಶಾಲೆ ಬದಲಾದರೆ 7 ದಿನದೊಳಗೆ ಇನ್ನೊಬ್ಬರಿಗೆ ತಿಳಿಸಬೇಕು.
ಜಿ) ತಂದೆ ಪ್ರತಿ ತಿಂಗಳು 10ರೊಳಗೆ 6,000 ರೂಪಾಯಿ ತಾಯಿಯ ಖಾತೆಗೆ ಹಾಕಬೇಕು, ಶಾಲೆ ಫೀಸಿನಲ್ಲಿ ಅರ್ಧ ಕೊಡಬೇಕು.

ಏನಾದರೂ ಬಿಟ್ಟಿದೆಯಾ?

ಕೋಟೆಗಲ್ಲು
ಇ ಕಲಂ ಮೂಲದಾಗ ಹ್ಯಾಂಗದ ಅಂತ ಪದ ಪದ ಹಾಕ್ರಿ. ಅದು ಎಲ್ಲೋ ತಪ್ಪಿದಂಗ ಕಾಣಸ್ತದ.

ರಾಯಚೂರು_ಪಿಎಲ್‌ವಿ
ಕನ್ನಡ ಅಕ್ಷರದಲ್ಲೇ ಹಾಕುತ್ತೇನೆ: "ನೈದರ್ ಪಾರ್ಟಿ ಶಲ್ ರಿಮೂವ್ ದ ಮೈನರ್ ಫ್ರಂ ದ ಲಿಮಿಟ್ಸ್ ಆಫ್ ದ ಜುರಿಸ್‌ಡಿಕ್ಷನ್ ಆಫ್ ದಿಸ್ ಕೋರ್ಟ್ ವಿದೌಟ್ ದ ಲೀವ್ ಆಫ್ ದ ಕೋರ್ಟ್, ಸೇವ್ ಆ್ಯಸ್ ಪ್ರೊವೈಡೆಡ್ ಇನ್ ಕ್ಲಾಸ್ ಬಿ."

ಕೋಟೆಗಲ್ಲು
ಅಲ್ಲೇ ಅದ ನೋಡ್ರಿ. ಇಲ್ಲಿ ಲೀವ್ ಅಂದ್ರ ರಜೆ ಅಲ್ಲ, ಅನುಮತಿ. "ಕೋರ್ಟಿನ ಅನುಮತಿ ಪಡೆಯದೆ ಯಾರೂ ಮಗುವನ್ನು ಈ ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಒಯ್ಯಬಾರದು, ಬಿ ಕಲಮಿನಲ್ಲಿ ಹೇಳಿದ್ದರ ಹೊರತು." ನೀವು ಬರೆದ ಹಾಳಿ ಆ ತಾಯಿ ಗ್ವಾಡಿಗೆ ಹಚ್ಚಿಕೊಂಡಿದ್ರ, ಕೋರ್ಟ್ ರಜೆ ಇದ್ದ ದಿನ ಮಗನ್ನ ಕರಕೊಂಡು ನಡದುಬಿಡ್ತಿದ್ದಳು. ಆದೇಶ ಮುರದಂಗ ಆಗತಿತ್ತು, ಆಕಿಗೆ ಗೊತ್ತೂ ಆಗತಿರಲಿಲ್ಲ.

ಇನ್ನೊಂದು, "ಯಾರೂ" ಅಂದ್ರ ತಾಯಿನೂ ಸೇರ್ತಾಳ. ಕಸ್ಟಡಿ ನಂದ, ನನಗ್ಯಾಕ ನಿರ್ಬಂಧ ಅಂತ ಬಾಳ ಮಂದಿ ತಿಳಕೋತಾರ.

ರಾಯಚೂರು_ಪಿಎಲ್‌ವಿ
ಸರ, ದೊಡ್ಡ ತಪ್ಪೇ ಆಗುತ್ತಿತ್ತು. ಈಗಲೇ ತಿದ್ದುತ್ತೇನೆ. ಹಾಗಾದರೆ ಮಂತ್ರಾಲಯಕ್ಕೆ? ಆಕೆ ಗುರುವಾರಕ್ಕೊಮ್ಮೆ ಮಗನನ್ನು ಕರೆದುಕೊಂಡು ರಾಯರ ದರ್ಶನಕ್ಕೆ ಹೋಗುತ್ತಾರೆ. ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಾರೆ.

ತುಂಗಭದ್ರಾ_ದಂಡೆ
ಮಂತ್ರಾಲಯ ಕರ್ನೂಲು ಜಿಲ್ಲೆ, ಆಂಧ್ರ. ಅಕ್ಷರಶಃ ಓದಿದರೆ ವ್ಯಾಪ್ತಿಯ ಹೊರಗೆ. ಆದರೆ ದರ್ಶನಕ್ಕೆ ಹೋಗಿ ಸಂಜೆ ಮನೆಗೆ ಬಂದವರ ಮೇಲೆ ಯಾವ ನ್ಯಾಯಾಧೀಶರೂ ಕೋಪ ಮಾಡಿಕೊಳ್ಳುವುದಿಲ್ಲ. ಇದನ್ನು ದೊಡ್ಡದು ಮಾಡಬೇಡಿ.

ಕೋಟೆಗಲ್ಲು
ಕೋಪ ಮಾಡ್ಕೊತಾರೋ ಇಲ್ಲೋ ಅನ್ನೋದು ನಂತರದ ಮಾತು. ಎದುರು ವಕೀಲ ಒಂದು ಫೋಟೊ ತಂದು "ಆದೇಶಕ್ಕ ಬೆಲೆ ಕೊಡಂಗಿಲ್ಲ" ಅಂತ ಮುಂದಿನ ಅರ್ಜಿಗೆ ಲಗತ್ತಿಸಿದರ ಉತ್ತರ ಕೊಡಬೇಕಾದಾಕಿ ಆ ತಾಯಿ. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ 26ನೇ ಕಲಮಿನಾಗ ಇದಕ್ಕ ದಾರಿ ಅದ. ಕೋರ್ಟು ಒಂದು ಸಲದ ಅನುಮತಿನೂ ಕೊಡಬಹುದು, ಸಾಮಾನ್ಯ ಅನುಮತಿನೂ ಕೊಡಬಹುದು. ಆ ಕಲಂ ಕೋರ್ಟು ನೇಮಿಸಿದ ಗಾರ್ಡಿಯನ್‌ಗೆ ಹೇಳಿದ್ದು ಖರೆ, ಆದ್ರ ಆದೇಶದಾಗ ಇದೇ ಮಾತು ಬಂದಮ್ಯಾಲ ಅದೇ ದಾರಿಲೆ ಕೇಳಬಹುದು. "ಮಂತ್ರಾಲಯ, ಆದೋನಿಯ ತವರು ಮನೆ, ಒಂದು ಸಲಕ್ಕೆ ಎರಡು ರಾತ್ರಿ ಮೀರದಂತೆ, ತಂದೆಯ ವಾರದ ದಿನಗಳಿಗೆ ಅಡ್ಡಿಯಾಗದಂತೆ" ಅಂತ ಒಂದೇ ಅರ್ಜಿ ಹಾಕ್ರಿ. ಪ್ರತಿ ಗುರುವಾರ ಕೋರ್ಟಿಗೆ ಅಲೆಯೋದು ತಪ್ಪತದ.

ಸಿರುಗುಪ್ಪ_ಗದ್ದೆ
ಹಂಗಂದ್ರ ತಂದೀನೂ ಸಿಕ್ಕಿಬೀಳ್ತಾನಲ್ರಿ! ರಾಯಚೂರಿಂದ ಬಳ್ಳಾರಿಗೆ ರೈಲು ಹೋಗೋದ ಮಂತ್ರಾಲಯಂ ರೋಡ್, ಆದೋನಿ, ಗುಂತಕಲ್ ಮ್ಯಾಲೆ. ಅರ್ಧ ದಾರಿ ಆಂಧ್ರ. ಸಿಂಧನೂರು, ಸಿರುಗುಪ್ಪ ಮ್ಯಾಲೆ ಬಸ್ಸಿಗೆ ಹೋದ್ರ ಮಾತ್ರ ಕರ್ನಾಟಕದಾಗ ಇರ್ತಾನ.

ಕೋಟೆಗಲ್ಲು
ಬಳ್ಳಾರಿಗೆ ಒಯ್ಯಲಿಕ್ಕೆ ಬಿ ಕಲಮೇ ಒಪ್ಪಿಗಿ ಕೊಟ್ಟದ. ಹೋಗೋ ಹಾದಿ ಯಾವುದು ಅಂತ ಹೇಳಿಲ್ಲ. ರೈಲಿನಾಗ ಗುಂತಕಲ್ ದಾಟಿದ್ದು ಉಲ್ಲಂಘನೆ ಅಂತ ವಾದಿಸೋದು ವ್ಯರ್ಥ. ಗುಂತಕಲ್ಲಿನಾಗ ಇಳದು ಎರಡು ದಿನ ನಿಂತರ ಆಗ ಪ್ರಶ್ನೆ ಹುಟ್ಟತದ.

ಖರೇ ಸಮಸ್ಯೆ ಬ್ಯಾರೆ ಅದ. "ಬಿ ಕಲಮಿನಲ್ಲಿ ಹೇಳಿದ್ದರ ಹೊರತು" ಅಂತ ಅಷ್ಟೇ ಅದ. ಸಿ ಕಲಂ ಹೆಸರಿಲ್ಲ. ಅಂದ್ರ ವಾರದ ಎರಡು ದಿನ ಬಳ್ಳಾರಿಗೆ ಒಯ್ಯಲಿಕ್ಕೆ ಒಪ್ಪಿಗಿ ಅದ, ಬೇಸಿಗಿ ರಜಾದಾಗ ಅರ್ಧ ರಜಾ ಒಯ್ಯಲಿಕ್ಕೆ ಬರಹದಾಗ ಒಪ್ಪಿಗಿ ಇಲ್ಲ. ಟೈಪ್ ಮಾಡುವಾಗ ಬಿಟ್ಟಿದ್ದೋ, ಬೇಕಂತ ಬಿಟ್ಟಿದ್ದೋ, ಆದೇಶದ ಹಿಂದಿನ ಪುಟಗಳ ಚರ್ಚೆ ಓದಿದ್ರ ಗೊತ್ತಾಗತದ.

ರಾಯಚೂರು_ಪಿಎಲ್‌ವಿ
ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. 19ನೇ ಪುಟದಲ್ಲಿ "ರಜೆಯಲ್ಲಿ ಮಗು ತಂದೆಯ ಕಡೆಯ ಅಜ್ಜ ಅಜ್ಜಿಯೊಂದಿಗೆ ಕಾಲ ಕಳೆಯುವುದು ಅಪೇಕ್ಷಣೀಯ" ಎಂಬ ಅರ್ಥದ ಸಾಲಿದೆ. ಅಜ್ಜ ಅಜ್ಜಿ ಇರುವುದು ಬಳ್ಳಾರಿಯಲ್ಲೇ.

ಕೋಟೆಗಲ್ಲು
ಹಂಗಿದ್ರ ಕೈತಪ್ಪು ಅನ್ನಲಿಕ್ಕೆ ಆಧಾರ ಸಿಕ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಮಿನಡಿ ತಿದ್ದುಪಡಿಗೆ ಕೇಳಬಹುದು. ಇಬ್ಬರೂ ವಕೀಲರು ಸೇರಿ ಮೆಮೊ ಹಾಕಿದರ ಇನ್ನೂ ಹಗುರ. ಆದ್ರ ನಿಮ್ಮ ಒಂದು ಪುಟದಾಗ "ರಜೆಯಲ್ಲಿ ಬಳ್ಳಾರಿಗೆ ಕಳಿಸಬೇಕು" ಅಂತ ನೀವಾಗೇ ತುಂಬಿಸಿ ಬರೀಬ್ಯಾಡ್ರಿ. "ಇದು ಆದೇಶದಲ್ಲಿ ಸ್ಪಷ್ಟವಿಲ್ಲ, ವಕೀಲರನ್ನು ಕೇಳಿ" ಅಂತ ಬರೀರಿ. ಸಾರಾಂಶ ಬರೆಯೋರು ಕೆಡೋದು ಇಲ್ಲೇ. ಖಾಲಿ ಜಾಗ ಕಂಡಕೂಡಲೇ ತಮ್ಮ ತಿಳುವಳಿಕಿ ತುಂಬತಾರ, ಓದೋರು ಅದನ್ನ ಕೋರ್ಟಿನ ಮಾತು ಅಂತ ನಂಬತಾರ.

ಗಂಗಾವತಿ_ಅಕ್ಕ
ನಮ್ದು ಮಧ್ಯಂತರ ಆದೇಶ ಐತ್ರಿ, ಕೇಸು ಇನ್ನಾ ನಡದೈತಿ. ತಂದಿ ಮೂರು ತಿಂಗಳಿಂದ ಜೀವನಾಂಶ ಹಾಕಿಲ್ಲ. ಹಂಗಾರ ಈ ಶನಿವಾರ ಹುಡುಗೀನ ಕಳಿಸೋದು ಬ್ಯಾಡ ಅಲ್ರೀ?

ಸಿರುಗುಪ್ಪ_ಗದ್ದೆ
ಹೌದಕ್ಕ. ರೊಕ್ಕ ಕೊಡದವ್ನಿಗೆ ಮಗು ಯಾಕ ಕಳಿಸಬೇಕು?

ತುಂಗಭದ್ರಾ_ದಂಡೆ
ಬೇಡ ಅಕ್ಕಾ, ಹಾಗೆ ಮಾಡಬೇಡಿ. ಗದ್ದೆಯವರೇ, ಇಂಥ ಸಲಹೆ ಕೊಡಬೇಡಿ ದಯವಿಟ್ಟು. ಜೀವನಾಂಶವೂ ಭೇಟಿಯೂ ಬೇರೆ ಬೇರೆ ಕರ್ತವ್ಯಗಳು. ದುಡ್ಡು ಬರಲಿಲ್ಲ ಅಂದರೆ ವಸೂಲಿಗೆ ಅರ್ಜಿ ಹಾಕಬೇಕು. ಮಗುವನ್ನು ತಡೆದರೆ ತಪ್ಪು ಎರಡೂ ಕಡೆ ಆಗುತ್ತದೆ, ಮೂರು ತಿಂಗಳ ಬಾಕಿಯ ಮಾತು ಹಿಂದೆ ಸರಿದು "ತಾಯಿ ಮಗು ತೋರಿಸುತ್ತಿಲ್ಲ" ಎಂಬುದೇ ವಿಚಾರಣೆಯ ವಿಷಯ ಆಗುತ್ತದೆ. ತಿರುಗಾಮುರುಗಾ ಕೂಡ ಅಷ್ಟೇ. ಮಗು ತೋರಿಸಲಿಲ್ಲ ಅಂತ ತಂದೆ ಜೀವನಾಂಶ ನಿಲ್ಲಿಸುವ ಹಾಗಿಲ್ಲ.

ಶನಿವಾರ ಮಗುವನ್ನು ಕಳಿಸಿ, ಸೋಮವಾರ ವಕೀಲರ ಹತ್ತಿರ ಬಾಕಿಯ ಲೆಕ್ಕ ತೆಗೆದುಕೊಂಡು ಹೋಗಿ. ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸಿ ಒಯ್ಯಿರಿ.

ಗಂಗಾವತಿ_ಅಕ್ಕ
ಆತ್ರೀ ಅಣ್ಣಾರ. ಕಳಸ್ತೀನಿ.

ಕೊಪ್ಪಳ_ಮೇಷ್ಟ್ರು
ಬಿ ಕಲಮಿನ ಬಗ್ಗೆ ನನ್ನದೊಂದು ಮಾತು. "ಎರಡನೇ ಮತ್ತು ನಾಲ್ಕನೇ ಶನಿವಾರ–ಭಾನುವಾರ" ಎಂದು ಬರೆದಿದ್ದೀರಿ. ಆದೇಶದಲ್ಲಿ ಹಾಗೇ ಇದೆಯೋ, ಅಥವಾ "ಎರಡನೇ ಮತ್ತು ನಾಲ್ಕನೇ ಶನಿವಾರದಿಂದ ಮರುದಿನ ಭಾನುವಾರದವರೆಗೆ" ಎಂದಿದೆಯೋ?

ರಾಯಚೂರು_ಪಿಎಲ್‌ವಿ
"ಸೆಕೆಂಡ್ ಆ್ಯಂಡ್ ಫೋರ್ತ್ ಸ್ಯಾಟರ್ಡೇಸ್ ಫ್ರಂ 10 ಎ.ಎಂ. ಟಿಲ್ 5 ಪಿ.ಎಂ. ಆನ್ ದ ಫಾಲೋಯಿಂಗ್ ಸಂಡೇ." ಎರಡೂ ಒಂದೇ ಅಲ್ಲವಾ ಮೇಷ್ಟ್ರೇ?

ಕೊಪ್ಪಳ_ಮೇಷ್ಟ್ರು
ಬಹುತೇಕ ತಿಂಗಳು ಒಂದೇ. ಭಾನುವಾರದಿಂದ ಶುರುವಾಗುವ ತಿಂಗಳಲ್ಲಿ ಅಲ್ಲ. 2026ರ ನವೆಂಬರ್ ಕ್ಯಾಲೆಂಡರ್ ತೆಗೆಯಿರಿ. ಒಂದನೇ ತಾರೀಖೇ ಭಾನುವಾರ. ಹಾಗಾಗಿ ಎರಡನೇ ಭಾನುವಾರ 8ಕ್ಕೆ ಬಂತು, ಎರಡನೇ ಶನಿವಾರ 14ಕ್ಕೆ. ನಿಮ್ಮ ಸಾರಾಂಶ ಓದಿದ ತಂದೆ "ಎರಡನೇ ಭಾನುವಾರ ನನ್ನದು" ಎಂದು 8ರಂದು ಬಾಗಿಲಿಗೆ ಬಂದು ನಿಲ್ಲಬಹುದು. ಆದೇಶದ ಪ್ರಕಾರ ಅವರ ದಿನಗಳು 14 ಮತ್ತು 15, ಆಮೇಲೆ 28 ಮತ್ತು 29. "ಮರುದಿನ" ಎಂಬ ಒಂದು ಪದ ಬಿಟ್ಟಿದ್ದಕ್ಕೆ ಇಷ್ಟು ಗೊಂದಲ.

ಇದರ ಜೊತೆಗೆ ಐದು ಶನಿವಾರ ಬರುವ ತಿಂಗಳು. 2026ರ ಆಗಸ್ಟಿನಲ್ಲಿ 1, 8, 15, 22, 29. ತಂದೆಯದು 8 ಮತ್ತು 22. ಮುಂದಿನದು ಸೆಪ್ಟೆಂಬರ್ 12. ನಡುವೆ ಮೂರು ವಾರ. ವಾರ ಬಿಟ್ಟು ವಾರ ಎಂದು ಬಾಯಲ್ಲಿ ಹೇಳಿಕೊಂಡು ರೂಢಿಯಾದವರು ಸೆಪ್ಟೆಂಬರ್ 5ಕ್ಕೇ ಬರುತ್ತಾರೆ. ಇಬ್ಬರೂ ತಾವು ಸರಿ ಎಂದೇ ನಂಬಿರುತ್ತಾರೆ.

ನನ್ನ ಸಲಹೆ, ವಾರದ ಹೆಸರಿನ ಜೊತೆಗೆ ಮುಂದಿನ ಹನ್ನೆರಡು ತಿಂಗಳ ತಾರೀಖುಗಳನ್ನೇ ಬರೆದುಬಿಡಿ. 24 ಜೋಡಿ ತಾರೀಖು, ಹಾಳೆಯ ಹಿಂಬದಿಗೆ ಸಾಕು. ಅದರ ಒಂದು ಪ್ರತಿ ಎದುರಿನವರ ವಕೀಲರಿಗೂ ಕಳಿಸಿ.

ಸಿರುಗುಪ್ಪ_ಗದ್ದೆ
ಮೇಷ್ಟ್ರ ಹೇಳಿದ್ದು ಖರೇ ಐತಿ. ಇನ್ನೊಂದು. ಶನಿವಾರ ಬೆಳಗಿನ ಶಾಲಿ ಇರ್ತೈತಲ್ರಿ. 10 ಗಂಟೆಗೆ ಹುಡುಗ ಕ್ಲಾಸಿನಾಗ ಇರ್ತಾನ, ಮನ್ಯಾಗ ಎಲ್ಲಿ ಸಿಗ್ತಾನ?

ರಾಯಚೂರು_ಪಿಎಲ್‌ವಿ
ಹೌದು, ಶನಿವಾರ 11.30ಕ್ಕೆ ಶಾಲೆ ಬಿಡುತ್ತದೆ. ತಾಯಿಯ ಮೊದಲ ಪ್ರಶ್ನೆಯೂ ಅದೇ: "10 ಗಂಟೆಗೆ ಕೊಡಲಿಲ್ಲ ಅಂತ ಕೇಸ್ ಹಾಕ್ತಾರೇನ್ರಿ?"

ತುಂಗಭದ್ರಾ_ದಂಡೆ
ಅದಕ್ಕೆ ಇಬ್ಬರೂ ಒಪ್ಪಿ "ಶಾಲೆ ಇರುವ ಶನಿವಾರ 12ಕ್ಕೆ" ಎಂದು ಬರಹದಲ್ಲಿ ಮಾಡಿಕೊಳ್ಳಬಹುದು. ವಾಟ್ಸ್ಆ್ಯಪ್ ಸಂದೇಶ ಸಾಕು.

ಕೋಟೆಗಲ್ಲು
ಒಂದೆರಡು ಸಲಕ್ಕ ಸಾಕು, ಕಾಯಂ ವ್ಯವಸ್ಥಾಕ್ಕ ಸಾಲಂಗಿಲ್ಲ. ಇಬ್ಬರ ನಡುವೆ ಮಾತು ಕೆಟ್ಟ ದಿನ ಆ ವಾಟ್ಸ್ಆ್ಯಪ್ ಬದಿಗಿಟ್ಟು "ಆದೇಶದಾಗ 10 ಅಂತ ಅದ" ಅಂತಾರ. ಹ್ಯಾಂಗೂ ಸಿ ಕಲಂ ತಿದ್ದುಪಡಿಗೆ ಮೆಮೊ ಹಾಕ್ತೀರಿ, ಇದನ್ನೂ ಅದರಾಗ ಸೇರಸ್ರಿ. ಅಲ್ಲೀತನಕ ಶಾಲೆಯ ವೇಳಾಪಟ್ಟಿ ನಕಲು ತಂದೆಗೆ ಕಳಸಿ, "10ಕ್ಕೆ ಮಗು ಶಾಲೆಯಲ್ಲಿರುತ್ತದೆ, 12ಕ್ಕೆ ಮನೆಯಿಂದ ಕರೆದುಕೊಂಡು ಹೋಗಿ, ಎರಡು ತಾಸು ಭಾನುವಾರ ಸೇರಿಸಿಕೊಳ್ಳಿ" ಅಂತ ತಾಯಿ ಮೊದಲೇ ಬರದಿಟ್ರ ಆಕಿ ಮನಸ್ಸಿನಾಗ ಏನಿತ್ತು ಅನ್ನೋದಕ್ಕ ದಾಖಲೆ ಇರತದ.

ಕೊಪ್ಪಳ_ಮೇಷ್ಟ್ರು
ಭಾನುವಾರ ಎರಡು ತಾಸು ಹೆಚ್ಚಿಗೆ ಅಂದರೆ ಸಂಜೆ 7ಕ್ಕೆ ರಾಯಚೂರು. ಸೋಮವಾರ ಶಾಲೆ ಇರುವ ಏಳು ವರ್ಷದ ಹುಡುಗ. ಅದನ್ನೂ ಯೋಚಿಸಿ.

ರಜೆಯ ಅರ್ಧ ಎಂಬುದೂ ಹೀಗೇ ಜಾರುತ್ತದೆ. ಯಾರ ಕ್ಯಾಲೆಂಡರ್? ಶಾಲೆಯದು ಎಂದಿದೆಯೇ? ಮೊದಲರ್ಧ ಯಾರಿಗೆ?

ರಾಯಚೂರು_ಪಿಎಲ್‌ವಿ
"ಶಾಲೆ ಘೋಷಿಸಿದ ರಜೆಯ ಅರ್ಧ" ಎಂದಿದೆ. ಮೊದಲರ್ಧ ಸಮ ವರ್ಷದಲ್ಲಿ ತಂದೆಗೆ, ಬೆಸ ವರ್ಷದಲ್ಲಿ ತಾಯಿಗೆ.

ಕೊಪ್ಪಳ_ಮೇಷ್ಟ್ರು
ಅಷ್ಟಿದ್ದರೆ ಲೆಕ್ಕ ಹಾಕಬಹುದು. ಉದಾಹರಣೆಗೆ ಶಾಲೆ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಕೊಟ್ಟಿತು ಅಂದುಕೊಳ್ಳಿ. ಏಪ್ರಿಲ್‌ನಲ್ಲಿ 20 ದಿನ, ಮೇನಲ್ಲಿ 28, ಒಟ್ಟು 48. ಮೊದಲರ್ಧ ಏಪ್ರಿಲ್ 11ರಿಂದ ಮೇ 4, ಎರಡನೆಯದು ಮೇ 5ರಿಂದ 28. ಬದಲಾಗುವ ದಿನ ಎಷ್ಟು ಗಂಟೆಗೆ ಎಂದು ಆದೇಶ ಹೇಳದಿದ್ದರೆ ಅದೂ ಮೆಮೊಗೆ ಹೋಗಲಿ. ದಿನ ಬೆಸವಾದಾಗ ನಡುವಿನ ದಿನಕ್ಕೆ ಜಗಳ ಬರುತ್ತದೆ, ಅದಕ್ಕೂ ಒಂದು ಸಾಲು ಬೇಕು.

ತಾಯಿಯ ಅರ್ಧದೊಳಗೆ ಬರುವ ಎರಡನೇ ಶನಿವಾರ ತಂದೆಗೆ ಸಿಗುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ.

ತುಂಗಭದ್ರಾ_ದಂಡೆ
ನನ್ನ ಪ್ರಕಾರ ಸಿಗುವುದಿಲ್ಲ. ರಜೆ ಹಂಚಿದ ಮೇಲೆ ವಾರದ ಪಾಳಿ ನಿಲ್ಲುತ್ತದೆ.

ಕೋಟೆಗಲ್ಲು
ಹಂಗ ಬರದಿದ್ರ ನಿಲ್ತದ. ಇಲ್ಲಾಂದ್ರ ಬಿ ಕಲಮಿನಾಗ "ತಿಂಗಳ" ಅಂತ ಅದ, ರಜಾ ತಿಂಗಳು ಬಿಟ್ಟು ಅಂತ ಇಲ್ಲ. ನಾ ನಿಮ್ಮ ಮಾತು ಒಪ್ಪಂಗಿಲ್ಲ.

ತುಂಗಭದ್ರಾ_ದಂಡೆ
ಹಾಗೆ ಓದಿದರೆ ತಂದೆಯ ಅರ್ಧದಲ್ಲಿ ಬರುವ ಮೊದಲನೇ, ಮೂರನೇ ಶನಿವಾರ ತಾಯಿಗೆ ವಾಪಸ್ ಕೊಡಬೇಕಾಗುತ್ತದಾ? ಅರ್ಥ ಕೂಡುವುದಿಲ್ಲ ಸರ್.

ಕೋಟೆಗಲ್ಲು
ಅದೂ ಖರೇನ. ಇದನ್ನ ಕೋರ್ಟೇ ಹೇಳಬೇಕು.

ಹೊಸಪೇಟೆ_ಬಂಡಿ
ಮೇಲ್ಮನವಿಗೆ 90 ದಿನ ಇದೆ, ಧಾರವಾಡ ಪೀಠಕ್ಕೆ ಹೋಗಿ. ಇಷ್ಟೆಲ್ಲಾ ಯಾಕೆ ತಲೆ ಕೆಡಿಸ್ಕೊಳ್ತೀರಿ?

ಕೋಟೆಗಲ್ಲು
ಎರಡೂ ಇಲ್ಲಿಗೆ ಹೊಂದಂಗಿಲ್ಲ. 90 ದಿನ ಹಿಂದೂ ವಿವಾಹ ಕಾಯ್ದೆಯ ಮೇಲ್ಮನವಿಗೆ. ಇದು ಜಿ.ಡಬ್ಲ್ಯೂ.ಸಿ. ಆದೇಶ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಂ ಪ್ರಕಾರ 30 ದಿನ. ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದ ದಿನದಿಂದ ಕಾಪಿ ತಯಾರಾದ ದಿನದತನಕ ಲೆಕ್ಕಕ್ಕ ಹಿಡಿಯಂಗಿಲ್ಲ, ಅದಕ್ಕ ಕಾಪಿ ಮ್ಯಾಲಿನ ಆ ತಾರೀಖು ನೋಡ್ರಿ. ಬಳ್ಳಾರಿ, ಕೊಪ್ಪಳದ ಕೇಸಿಗೆ ಧಾರವಾಡ ಪೀಠ ಸರಿ. ರಾಯಚೂರು ಕಲಬುರಗಿ ಪೀಠಕ್ಕ ಬರತದ.

ಮತ್ತ ಆ ತಾಯಿಗೆ ಆದೇಶ ಬ್ಯಾಡಾಗಿಲ್ಲ, ಅರ್ಥ ಆಗಬೇಕಾಗ್ಯದ.

ಹೊಸಪೇಟೆ_ಬಂಡಿ
ಸರಿ ಸರ್, ತಿದ್ದಿಕೊಂಡೆ. ಕಲಬುರಗಿ ಅಂತ ಗೊತ್ತಿರಲಿಲ್ಲ.

ಮಾನ್ವಿ_ಹುಡುಗಿ
ಪಾಸ್‌ಪೋರ್ಟ್ ಮಾಡಿಸಬಹುದಾ ಮಗುವಿಗೆ? ಆದೇಶದಲ್ಲಿ ಬೇಡ ಅಂತ ಇಲ್ಲವಲ್ಲ.

ತುಂಗಭದ್ರಾ_ದಂಡೆ
ಅರ್ಜಿ ಹಾಕಬಹುದು. ಇಬ್ಬರೂ ಸಹಿ ಮಾಡಿದರೆ ಅನುಬಂಧ ಡಿ. ಒಬ್ಬರು ಒಪ್ಪದಿದ್ದರೆ ಅನುಬಂಧ ಸಿ, ಅದರಲ್ಲಿ ಕೋರ್ಟಿನ ಸಂಗತಿ ಮುಚ್ಚಿಡದೆ ಬರೆಯಬೇಕು. ಆದರೆ ಪಾಸ್‌ಪೋರ್ಟ್ ಕೈಗೆ ಬಂತು ಅಂದರೆ ಹೋಗಲು ಅನುಮತಿ ಸಿಕ್ಕಿತು ಅಂತಲ್ಲ. ಇ ಕಲಂ ಹಾಗೇ ಇರುತ್ತದೆ.

ರಾಯಚೂರು_ಪಿಎಲ್‌ವಿ
ಅನುಮತಿಯ ಅರ್ಜಿಯಲ್ಲಿ ಏನೇನು ಇರಬೇಕು ಅಂತ ತಾಯಿಗೆ ಎರಡು ಸಾಲು ಹೇಳಬೇಕು. ಮೆಮೊ, ಅರ್ಜಿ ವಕೀಲರೇ ಹಾಕುತ್ತಾರೆ, ಆದರೆ ಆಕೆ ಏನು ಜೋಡಿಸಿಕೊಂಡು ಹೋಗಬೇಕು?

ಕೋಟೆಗಲ್ಲು
ಎಲ್ಲಿಗೆ, ಯಾರ ಜೋಡಿ, ಯಾವ ದಿನದಿಂದ ಯಾವ ದಿನದತನಕ, ಉಳಕೊಳ್ಳೋ ಮನಿ ವಿಳಾಸ, ಅಲ್ಲಿನ ಒಂದು ಫೋನ್ ನಂಬರು, ವಾಪಸ್ ಬರೋ ಟಿಕೀಟು. ಆ ದಿನಗಳಾಗ ತಂದೆಯ ಶನಿವಾರ ಬಿದ್ದರ ಬದಲಿ ದಿನ ಯಾವುದು ಅಂತ ತಾಯಿನ ಮೊದಲೇ ಬರೀಬೇಕು. ಈ ಕಡೇದು ಇಲ್ಲದ ಅರ್ಜಿಗೆ ಆಕ್ಷೇಪಣೆ ಬಂದೇ ಬರತದ. ಎದುರು ಕಡೆಯವರಿಗೆ ನೋಟಿಸು, ಅವರ ಆಕ್ಷೇಪಣೆ, ಆಮ್ಯಾಲ ಆದೇಶ. ನಾಳೆ ಹೊಂಟೀವಿ ಅಂತ ಇವತ್ತು ಹಾಕಿದರ ಆಗಂಗಿಲ್ಲ. ಬೇಸಿಗಿ ಪ್ರವಾಸದ್ದು ಮಾರ್ಚಿನಾಗೇ ಹಾಕ್ರಿ.

"ವ್ಯಾಪ್ತಿ" ಅಂದ್ರ ಎಲ್ಲೀತನಕ ಅನ್ನೋದನ್ನೂ ಊಹೆ ಮಾಡಬ್ಯಾಡ್ರಿ. ಕೌಟುಂಬಿಕ ನ್ಯಾಯಾಲಯದ ಗಡಿ ಸರ್ಕಾರದ ಅಧಿಸೂಚನೆಯಾಗ ಇರತದ. ಸಿಂಧನೂರು, ಲಿಂಗಸುಗೂರು ಅದರಾಗ ಬರತಾವೋ ಇಲ್ಲೋ ಶಿರಸ್ತೇದಾರರನ್ನ ಕೇಳಿ, ಪುಟದಾಗ ತಾಲ್ಲೂಕಿನ ಹೆಸರು ಬರೀರಿ.

ರಾಯಚೂರು_ಪಿಎಲ್‌ವಿ
ಆಗಲಿ ಸರ. ಎಫ್ ಕಲಂ ಬಗ್ಗೆಯೂ ಕೇಳಬೇಕು. "ತಿಳಿಸಬೇಕು" ಅಂದರೆ ಫೋನಿನಲ್ಲಿ ಹೇಳಿದರೆ ಸಾಕಾ?

ಕೊಪ್ಪಳ_ಮೇಷ್ಟ್ರು
ಹೇಳಿದ್ದಕ್ಕೆ ಸಾಕ್ಷಿ ಎಲ್ಲಿ? ಮನೆ ಬದಲಾದ ವಾರದೊಳಗೆ ರಿಜಿಸ್ಟರ್ಡ್ ಪತ್ರವನ್ನೋ ಇ–ಮೇಲನ್ನೋ ಕಳಿಸಿ ರಸೀದಿ ಇಟ್ಟುಕೊಳ್ಳಲಿ. ಆಕೆಗೆ ಒಂದು ದಪ್ಪ ನೋಟ್‌ಬುಕ್ ಕೊಡಿಸಿ. ಪ್ರತಿ ಶನಿವಾರ ಒಂದೇ ಸಾಲು: ತಾರೀಖು, ಕರೆದೊಯ್ದ ಸಮಯ, ವಾಪಸ್ ಬಂದ ಸಮಯ, ಬರದಿದ್ದರೆ "ಬರಲಿಲ್ಲ". ಬೈಗುಳ, ಅನುಮಾನ ಏನೂ ಬರೆಯಬಾರದು. ಅವತ್ತವತ್ತೇ ಬರೆದದ್ದಕ್ಕೆ ಬೆಲೆ ಇರುತ್ತದೆ, ಆರು ತಿಂಗಳಾದ ಮೇಲೆ ನೆನಪಿನಿಂದ ತುಂಬಿಸಿದ್ದು ಒಂದೇ ಪೆನ್ನಿನ ಒಂದೇ ಶಾಯಿಯಲ್ಲಿ ಎದ್ದು ಕಾಣುತ್ತದೆ.

ಮಾನ್ವಿ_ಹುಡುಗಿ
ತಂದೆ ಭಾನುವಾರ 5ಕ್ಕೆ ವಾಪಸ್ ತರದಿದ್ದರೆ? ನ್ಯಾಯಾಂಗ ನಿಂದನೆ ಹಾಕಬಹುದಲ್ಲ?

ತುಂಗಭದ್ರಾ_ದಂಡೆ
ಮೊದಲು ಅದೇ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ. ನಿಂದನೆ ಆಮೇಲೆ.

ಕೋಟೆಗಲ್ಲು
ಆದೇಶ ರಾಜಿ ಮ್ಯಾಲೆ ಆಗಿ, ಕೋರ್ಟಿಗೆ ಮುಚ್ಚಳಿಕೆ ಬರಕೊಟ್ಟಿದ್ರ ನಿಂದನೆ ಗಟ್ಟಿ ಆಗತದ. ಇದು ವಿಚಾರಣೆ ನಡದು ಬಂದ ಆದೇಶ, ಅಮಲ್ಜಾರಿನ ಸರಿ. ಆದ್ರ ಒಂದು ತಾಸು ಬಸ್ಸು ತಡ ಆದದ್ದಕ್ಕ ಯಾವ ಅರ್ಜಿನೂ ಬ್ಯಾಡ. ರಾತ್ರಿ ಆದ್ರೂ ಬರಲಿಲ್ಲ, ಫೋನ್ ಎತ್ತಲಿಲ್ಲ ಅಂದ್ರ ಸೋಮವಾರ ಬೆಳಿಗ್ಗೆ ಕೋರ್ಟಿನಾಗ ತುರ್ತು ಅರ್ಜಿ.

ರಾಯಚೂರು_ಪಿಎಲ್‌ವಿ
ತಿದ್ದಿದ ಸಾಲುಗಳು ಹೀಗಿವೆ, ನೋಡಿ:

ಬಿ) ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಮರುದಿನ ಭಾನುವಾರ ಸಂಜೆ 5ರವರೆಗೆ. ತಾರೀಖುಗಳು ಹಿಂಬದಿಯಲ್ಲಿವೆ. (ಆದೇಶದ ಪುಟ 21)
ಇ) ಕೋರ್ಟಿನ ಅನುಮತಿ ಇಲ್ಲದೆ ನೀವೂ ಮಗುವಿನ ತಂದೆಯೂ ಮಗುವನ್ನು ಕೋರ್ಟಿನ ವ್ಯಾಪ್ತಿಯ ಹೊರಗೆ ಒಯ್ಯುವಂತಿಲ್ಲ. ಮಂತ್ರಾಲಯ, ಆದೋನಿ ಹೊರಗೆ ಬರುತ್ತವೆ. ಶನಿವಾರ–ಭಾನುವಾರ ತಂದೆ ಬಳ್ಳಾರಿಗೆ ಒಯ್ಯುವುದಕ್ಕೆ ಆದೇಶದಲ್ಲೇ ಒಪ್ಪಿಗೆ ಇದೆ. (ಪುಟ 22)
ಸ್ಪಷ್ಟವಿಲ್ಲದ್ದು: ರಜೆಯಲ್ಲಿ ಬಳ್ಳಾರಿಗೆ ಕಳಿಸುವುದು, ಶಾಲೆ ಇರುವ ಶನಿವಾರದ ಸಮಯ, ರಜೆಯೊಳಗಿನ ಶನಿವಾರಗಳು. ಮೆಮೊ ಹಾಕುವವರೆಗೆ ವಕೀಲರನ್ನು ಕೇಳದೆ ಏನೂ ಮಾಡಬೇಡಿ.

ಕೊಪ್ಪಳ_ಮೇಷ್ಟ್ರು
ಪುಟದ ಸಂಖ್ಯೆ ಹಾಕಿದ್ದು ಬಹಳ ಒಳ್ಳೆಯದಾಯಿತು. ಮೇಲ್ಗಡೆ "ಇದು ಆದೇಶವಲ್ಲ, ಆದೇಶದ ಸಾರ. ವ್ಯತ್ಯಾಸ ಕಂಡರೆ ಆದೇಶವೇ ಅಂತಿಮ" ಎಂಬ ಸಾಲೂ, ಬರೆದ ತಾರೀಖೂ ಇರಲಿ.

ಸಿರುಗುಪ್ಪ_ಗದ್ದೆ
ತಂದಿ ಶನಿವಾರ ಹುಡುಗನ್ನ ಬಳ್ಳಾರಿಂದ ಹಂಪಿ ತೋರಸಾಕ ಕರಕೊಂಡ್ ಹೋದ್ರ? ಹಂಪಿ ಈಗ ವಿಜಯನಗರ ಜಿಲ್ಲೆ.

ತುಂಗಭದ್ರಾ_ದಂಡೆ
ಒಪ್ಪಿಗೆ ಇರುವುದು "ಬಳ್ಳಾರಿಯ ಮನೆಗೆ". ಹಂಪಿ ಅದರಲ್ಲಿ ಸೇರುತ್ತದೆ ಅಂತ ನಾನು ಹೇಳಲಾರೆ.

ಕೋಟೆಗಲ್ಲು
ಮಂತ್ರಾಲಯಕ್ಕ ತಾಯಿ ಅನುಮತಿ ಕೇಳೋ ಅರ್ಜಿಗೆ ತಂದೆ ವಕೀಲರು ಹ್ಯಾಂಗೂ ಉತ್ತರ ಹಾಕ್ತಾರ. ಅವರೂ ಹಂಪಿ, ತುಂಗಭದ್ರಾ ಡ್ಯಾಂ ಅಂತ ಹೆಸರು ಹಿಡಿದು ಅದರಾಗ ಕೇಳಲಿ. ಎರಡಕ್ಕೂ ಒಂದೇ ದಿನ ಆದೇಶ ಆಗತದ.

ರಾಯಚೂರು_ಪಿಎಲ್‌ವಿ
ನಾಳೆ ಬೆಳಿಗ್ಗೆ ಶಿರಸ್ತೇದಾರರ ಹತ್ತಿರ ತಾಲ್ಲೂಕುಗಳ ಪಟ್ಟಿ ಕೇಳಿ, ಆಮೇಲೆ ವಕೀಲರಿಗೆ ಹಾಳೆ ತೋರಿಸುತ್ತೇನೆ. ಗುರುವಾರದ ಮಂತ್ರಾಲಯ ಸದ್ಯಕ್ಕೆ ನಿಲ್ಲಿಸಲು ತಾಯಿಗೆ ಇವತ್ತೇ ಫೋನ್ ಮಾಡುತ್ತೇನೆ.